ಹಂಡೆಯ ನೀರು ಬೆಚ್ಚಗಿತ್ತು: ಹಾರರ್ ಒನ್-ಶಾಟ್‌ನ ಮೊದಲ ಅರ್ಧ ಗಂಟೆ, ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳೆಯರ ಜೊತೆ ಟೇಬಲ್ ಸುತ್ತ ಕೂತು, ಒಬ್ಬರು ಕತೆ ನಡೆಸುತ್ತಾ ಉಳಿದವರು ಒಂದೊಂದು ಪಾತ್ರವಾಗಿ ಆಡುವ ಕತೆಯಾಟಗಳಲ್ಲಿ ನಾನು ಹೆಚ್ಚಾಗಿ ನಡೆಸುವುದು ಹಾರರ್. ಆಟ ಮುಗಿದು ಚಹಾ ಕುಡಿಯುವಾಗ, ಆಮೇಲೆ ಪತ್ರಗಳಲ್ಲಿ, ಹೊಸದಾಗಿ ಜಿಎಂ ಆದವರು, ಅಂದರೆ ಕತೆ ನಡೆಸಲು ಕೂತವರು, ಕೇಳುವ ಪ್ರಶ್ನೆಗಳು ಸುಮಾರು ಒಂದೇ ತರಹ ಇರುತ್ತವೆ. ಅವನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಎಲ್ಲ ಉತ್ತರಗಳಿಗೂ ಒಂದೇ ಆಟದ ಉದಾಹರಣೆ ಇಟ್ಟುಕೊಂಡಿದ್ದೇನೆ. ಅದು ನಾನೇ ಬರೆದು ಹಲವು ಸಲ ನಡೆಸಿದ ಆಟ.

ಅದರ ಕತೆ ಇಷ್ಟು. 1996ರ ಮೇ 12. ಸಾಗರದ ಆಚೆ, ಶರಾವತಿ ಹಿನ್ನೀರಿನ ದಂಡೆಯ ಒಂದು ಹಳೇ ಮನೆ. ಅಲ್ಲಿ ಒಬ್ಬರೇ ಇದ್ದ ಗೌರತ್ತೆ ಮಾರ್ಚ್ 28ಕ್ಕೆ ಸಾಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವತ್ತಿನಿಂದ ಮನೆಗೆ ಬೀಗ. ನಲವತ್ತೈದು ದಿನ ಆದ ಮೇಲೆ ನಾಲ್ವರು ಸೋದರಳಿಯ-ಸೊಸೆಯರು ಮನೆ ಖಾಲಿ ಮಾಡಲು ಬರುತ್ತಾರೆ. ಆ ನಾಲ್ವರು ನಮ್ಮ ಆಟಗಾರರು.

## ಮೊದಲು ತಿಳಿಯಬೇಕಾದ್ದು

ಒನ್-ಶಾಟ್ ಅಂದ್ರೆ ಒಂದೇ ಸಂಜೆಯ ಆಟ ತಾನೇ? ಅದರ ಶುರುವಿಗೇ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು?

ಒಂದೇ ಸಂಜೆ ಅನ್ನುವುದೇ ಕಾರಣ. ತಿಂಗಳುಗಟ್ಟಲೆ ನಡೆಯುವ ಆಟದಲ್ಲಿ ಆಟಗಾರರಿಗೆ ತಮ್ಮ ಪಾತ್ರದ ಮೇಲೆ ಮಮತೆ ಬೆಳೆದಿರುತ್ತದೆ. ಆ ಪಾತ್ರಕ್ಕೆ ಏನಾದರೂ ಆಗಿಬಿಡುತ್ತದೆ ಅನ್ನುವುದೇ ಸಾಕು, ಹೆದರಿಕೆ ತಾನಾಗಿ ಬರುತ್ತದೆ. ಒನ್-ಶಾಟ್‌ನಲ್ಲಿ ಪಾತ್ರ ಸಿಕ್ಕಿ ಹತ್ತು ನಿಮಿಷ ಆಗಿರುತ್ತದೆ. ಅದು ಸತ್ತರೂ ನಷ್ಟ ಇಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಪಾತ್ರಕ್ಕೆ ಅಪಾಯ ಇದೆ ಅಂದರೆ ಶುರುವಿನಲ್ಲಿ ಯಾರಿಗೂ ಏನೂ ಅನಿಸುವುದಿಲ್ಲ. ಅನಿಸಬೇಕಾದ್ದು ಆ ಜಾಗದ ಬಗ್ಗೆ. ನಾಲ್ಕು ಗಂಟೆಯ ಆಟದಲ್ಲಿ ಅದಕ್ಕೆ ನನ್ನ ಕೈಯಲ್ಲಿ ಇರುವುದು ಇಪ್ಪತ್ತೈದರಿಂದ ಮೂವತ್ತು ನಿಮಿಷ.

ಹೆದರಿಸೋದು ಬೇರೆ, ಅಳುಕು ಹುಟ್ಟಿಸೋದು ಬೇರೆ ಅಂತೀರಲ್ಲ, ಏನು ವ್ಯತ್ಯಾಸ?

ಕತ್ತಲಲ್ಲಿ ಯಾರೋ ಎದುರಿಗೆ ಬಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಆಗುತ್ತದೆ. ಅದು ಹೆದರಿಕೆ. ಎದುರಿಗೆ ಇರುವುದು ಏನು ಅಂತ ಗೊತ್ತಾಗಿದೆ, ಓಡಬೇಕು ಅಂತಲೂ ಗೊತ್ತಾಗಿದೆ. ಅಳುಕು ಅದಕ್ಕಿಂತ ಮೊದಲಿನದು. ರಾತ್ರಿ ಮನೆಗೆ ಬಂದಾಗ ಚಪ್ಪಲಿ ಬಿಟ್ಟ ಜಾಗದಲ್ಲಿ ಇಲ್ಲ ಅಂತಾದರೆ ಒಂದು ಕ್ಷಣ ನಿಲ್ಲುತ್ತೇವಲ್ಲ, ಅದು. ಓಡಲು ಕಾರಣ ಇಲ್ಲ. ಒಳಗೆ ಹೋಗಲು ಕಾಲು ಏಳುವುದಿಲ್ಲ.

ಟೇಬಲ್‌ನಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಹೆದರಿದ ಆಟಗಾರ "ಓಡುತ್ತೇನೆ" ಅಥವಾ "ಹೊಡೆಯುತ್ತೇನೆ" ಅನ್ನುತ್ತಾನೆ. ಅಳುಕಿದ ಆಟಗಾರ ಪ್ರಶ್ನೆ ಕೇಳುತ್ತಾನೆ. ಶುರುವಿನಲ್ಲಿ ನಮಗೆ ಬೇಕಾಗಿರುವುದು ಪ್ರಶ್ನೆ. ಮೊದಲ ಹತ್ತು ನಿಮಿಷದಲ್ಲೇ ದೆವ್ವ ತೋರಿಸಿದರೆ ಆಟ ಹೊಡೆದಾಟ ಆಗಿಬಿಡುತ್ತದೆ. ಆಮೇಲೆ ಅದನ್ನು ವಾಪಸ್ ಅಳುಕಿಗೆ ತರಲು ನನಗೆ ಇದುವರೆಗೂ ಆಗಿಲ್ಲ.

ಸಣ್ಣ ವಿವರ ಅಂದ್ರೆ ಎಷ್ಟು ಸಣ್ಣದು? ಒಂದು ಉದಾಹರಣೆ ಕೊಡಿ.

ಬಚ್ಚಲುಮನೆಯ ಹಂಡೆಯಲ್ಲಿ ನೀರಿದೆ. ಕೈ ಇಟ್ಟರೆ ಬೆಚ್ಚಗಿದೆ. ಇಷ್ಟೇ.

ಇದು ಕೆಲಸ ಮಾಡಲು ಎರಡು ಕಾರಣ. ಒಂದು, ಇದು ಕೈಗೆ ತಾಗುತ್ತದೆ. "ಮನೆಯಲ್ಲಿ ಏನೋ ಒಂದು ತರಹದ ವಾತಾವರಣ ಇತ್ತು" ಅಂದರೆ ಯಾರ ಮೈಯಲ್ಲೂ ಏನೂ ಆಗುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟ ನೆನಪು ಎಲ್ಲರ ಕೈಯಲ್ಲೂ ಇದೆ. ಎರಡು, ಈ ವಿವರ ತಪ್ಪಿರುವುದು ಒಂದೇ ಒಂದು ಮೆಟ್ಟಿಲು. ನೀರು ಕುದಿಯುತ್ತಿಲ್ಲ. ನೀರಿನಲ್ಲಿ ರಕ್ತ ಇಲ್ಲ. ಒಳ್ಳೆಯ ಮನೆಯಲ್ಲಿ ದಿನಾ ಸಂಜೆ ಇರಬೇಕಾದ್ದೇ ಇದೆ. ಆದರೆ ನಲವತ್ತೈದು ದಿನ ಬೀಗ ಹಾಕಿದ್ದ ಮನೆಯಲ್ಲಿ ಇದೆ.

ಕುದಿಯುವ ನೀರು ಅಂದರೆ ಆಟಗಾರರಿಗೆ ತಕ್ಷಣ "ಓ, ದೆವ್ವ" ಅಂತ ಉತ್ತರ ಸಿಗುತ್ತದೆ. ಬೆಚ್ಚಗಿನ ನೀರಿಗೆ ಉತ್ತರ ಸಿಗುವುದಿಲ್ಲ. ಯಾರೋ ಬೆಳಿಗ್ಗೆ ಕಾಯಿಸಿರಬಹುದು. ಬಿಸಿಲು ಬಿದ್ದಿರಬಹುದು. ಈ "ಇರಬಹುದು" ಅನ್ನುವುದರಲ್ಲೇ ಅಳುಕು ಇರುವುದು.

ಇದಕ್ಕೆ ಯಾವ ಸಿಸ್ಟಮ್ ಒಳ್ಳೆಯದು?

ಸಿಸ್ಟಮ್ ಅಂದರೆ ಆಟದ ನಿಯಮಗಳ ಕಟ್ಟು. ಯಾವುದಾದರೂ ಆಗುತ್ತದೆ. ಆದರೆ ಅದು ಶುರುವಿನಲ್ಲಿ ನಿಮಗೆ ಸಹಾಯ ಮಾಡುತ್ತದೆ ಅಂತ ನಂಬಬೇಡಿ. 1981ರಿಂದ ಬರುತ್ತಿರುವ ಕಾಲ್ ಆಫ್ ಕಥುಲು ಅನ್ನುವ ಹಾರರ್ ಆಟದಲ್ಲಿ ಪಾತ್ರದ ಮನಸ್ಥಿಮಿತದ ಅಂಕ ಇಳಿಯುವುದು ಏನಾದರೂ ಭೀಕರವಾದ್ದನ್ನು ಕಂಡ ಮೇಲೆ. ಡ್ರೆಡ್ ಅನ್ನುವ ಆಟದಲ್ಲಿ ಡೈಸ್ ಬದಲು ಮರದ ತುಂಡುಗಳ ಗೋಪುರದಿಂದ ಒಂದೊಂದೇ ತುಂಡು ಎಳೆಯಬೇಕು, ಗೋಪುರ ಬಿದ್ದರೆ ಎಳೆದವರ ಪಾತ್ರ ಆಟದಿಂದ ಹೊರಗೆ. ಅದ್ಭುತ ಉಪಾಯ. ಆದರೆ ಮೊದಲ ಅರ್ಧ ಗಂಟೆ ಗೋಪುರ ಗಟ್ಟಿಯಾಗೇ ನಿಂತಿರುತ್ತದೆ. ಅಂದರೆ ಎರಡರಲ್ಲೂ ಶುರುವಿನ ಭಾರ ಹೊರಬೇಕಾದ್ದು ನಿಮ್ಮ ಮಾತು.

## ಆಟಕ್ಕೆ ಮುಂಚಿನ ತಯಾರಿ

ಇಂಥ ವಿವರಗಳು ನನಗೆ ಹೊಳೆಯೋದೇ ಇಲ್ಲ. ನೀವು ಎಲ್ಲಿಂದ ತರ್ತೀರಿ?

ಮೊದಮೊದಲು ನಾನೂ ಸುಮ್ನೆ ಕೂತು "ಏನು ಹೆದರಿಕೆ ಹುಟ್ಟಿಸುತ್ತದೆ" ಅಂತ ಯೋಚಿಸುತ್ತಿದ್ದೆ. ಹಾಗೆ ಯೋಚಿಸಿದರೆ ಎಲ್ಲರಿಗೂ ಹೊಳೆಯುವುದೇ ಹೊಳೆಯುತ್ತದೆ: ಕೀಚಲು ಬಾಗಿಲು, ಗೊಂಬೆ, ಕನ್ನಡಿ. ಈಗ ಬೇರೆ ದಾರಿ ಹಿಡಿದಿದ್ದೇನೆ. ಆಟದ ಕೊನೆಯಲ್ಲಿ ಗೊತ್ತಾಗುವ ಸತ್ಯವನ್ನು ಮೊದಲು ಬರೆಯುತ್ತೇನೆ. ಆಮೇಲೆ ಆ ಸತ್ಯ ಮಾಡುತ್ತಿರುವ ಕೆಲಸ ಏನು ಅಂತ ಒಂದೇ ಕ್ರಿಯಾಪದದಲ್ಲಿ ಹೇಳುತ್ತೇನೆ. ಶುರುವಿನ ಎಲ್ಲ ವಿವರಗಳೂ ಆ ಒಂದು ಕ್ರಿಯಾಪದದಿಂದಲೇ ಬರಬೇಕು.

ಗೌರತ್ತೆಯ ಆಟದ ಸತ್ಯ ಇದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಿಂದ ನೀರು ನಿಂತಾಗ ಕುಟುಂಬದ ಹಳೇ ಮನೆ, ತೋಟ ಎಲ್ಲ ಮುಳುಗಿದವು. ಎಲ್ಲರೂ ಗುಡ್ಡ ಹತ್ತಿ ಬಂದರು. ಗೌರತ್ತೆಯ ಅಪ್ಪ ಬರಲಿಲ್ಲ. ಪ್ರತಿ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅವರು ಮೇಲೆ ಬರುತ್ತಾರೆ ಅಂತ ಗೌರತ್ತೆ ಮೂವತ್ತೊಂದು ವರ್ಷ ಮೇ ತಿಂಗಳಲ್ಲಿ ದಿನಾ ಸಂಜೆ ಸ್ನಾನಕ್ಕೆ ನೀರು ಕಾಯಿಸಿ ಇಟ್ಟರು. ಈಗ ಗೌರತ್ತೆ ಇಲ್ಲ. ಮೇ ಬಂದಿದೆ.

ಇಲ್ಲಿನ ಕ್ರಿಯಾಪದ "ಕಾಯುವುದು". ಕನ್ನಡದಲ್ಲಿ ಈ ಮಾತು ನನಗೆ ಮೂರು ಬಾಗಿಲು ತೆರೆದುಕೊಟ್ಟಿತು. ಬರುವವರಿಗಾಗಿ ಕಾಯುವುದು. ಮನೆ ಕಾಯುವುದು. ನೀರು ಕಾಯುವುದು. ಹಾಗಾದರೆ ಕಾಯುತ್ತಿರುವ ಮನೆಯಲ್ಲಿ ಏನೇನು ನಡೆಯುತ್ತದೆ? ಬಾವಿಯಿಂದ ನೀರು ಸೇದುತ್ತಾರೆ. ದಿನ ಎಣಿಸುತ್ತಾರೆ. ಹಂಡೆಗೆ ಉರಿ ಹಾಕುತ್ತಾರೆ. ಜಗಲಿಯ ದೀಪಕ್ಕೆ ಎಣ್ಣೆ ಬಿಡುತ್ತಾರೆ. ಇವು ಮನೆಕೆಲಸಗಳು. ಇವುಗಳಲ್ಲಿ ಒಂದೂ ಭಯಂಕರ ಅಲ್ಲ. ಮಾಡುವವರು ಇಲ್ಲದಿರುವಾಗ ಮಾತ್ರ ಭಯಂಕರ.

ಕೀಚಲು ಬಾಗಿಲನ್ನು ನಾನು ಈ ಆಟದಲ್ಲಿ ಬಳಸುವುದಿಲ್ಲ. ಕಾಯುತ್ತಿರುವವರು ಬಾಗಿಲಿಗೆ ಎಣ್ಣೆ ಬಿಟ್ಟಿರುತ್ತಾರೆ. ಒಂದು ಕ್ರಿಯಾಪದ ಇಟ್ಟುಕೊಂಡರೆ ಯಾವುದನ್ನು ಬಿಡಬೇಕು ಅನ್ನುವುದೂ ಹೀಗೆ ಗೊತ್ತಾಗುತ್ತದೆ.

ಶುರುವಿನಲ್ಲಿ ಎಷ್ಟು ವಿವರ ಹಾಕಬೇಕು?

ಮೂರು. ನಾನು ಒಮ್ಮೆ ಇದೇ ಆಟದಲ್ಲಿ ಹನ್ನೊಂದು ಹಾಕಿದ್ದೆ. ಒಬ್ಬ ಆಟಗಾರ ಪೆನ್ನು ತೆಗೆದು ಪಟ್ಟಿ ಮಾಡಲು ಶುರು ಮಾಡಿದ. ಐದು ನಿಮಿಷದಲ್ಲಿ ಟೇಬಲ್ ಪೂರ್ತಿ ಪತ್ತೇದಾರರಾಗಿದ್ದರು. ಸುಳಿವು ಕೂಡಿಸುವ ಖುಷಿ ಬೇರೆ, ಅದಕ್ಕೂ ಅಳುಕಿಗೂ ಆಗಿಬರುವುದಿಲ್ಲ. ಮೂರು ವಿವರ ನೆನಪಿನಲ್ಲಿ ಉಳಿಯುತ್ತವೆ, ಬರೆದುಕೊಳ್ಳಬೇಕು ಅನಿಸುವುದಿಲ್ಲ.

ಆಟಗಾರರ ಪಾತ್ರಗಳನ್ನು ಹೇಗೆ ಇದಕ್ಕೆ ಕಟ್ಟೋದು? ಪಾತ್ರ ಮಾಡೋಕೇ ಟೈಮ್ ಇರಲ್ಲ.

ಪಾತ್ರಕ್ಕೆ ದೊಡ್ಡ ಹಿನ್ನೆಲೆ ಬೇಡ. ಒಬ್ಬೊಬ್ಬರಿಗೆ ಎರಡೇ ಪ್ರಶ್ನೆ ಕೇಳಿ. ಪ್ರಶ್ನೆಯಲ್ಲೇ ಅರ್ಧ ಸಂಗತಿ ಇರಲಿ. ನಾನು ಕೇಳುವುದು ಹೀಗೆ. "ಚಿಕ್ಕವಳಿದ್ದಾಗ ಗೌರತ್ತೆ ನಿನಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಯಾವ ಹಾಡು ಹೇಳುತ್ತಿದ್ದರು?" "ಆಸ್ಪತ್ರೆಯಲ್ಲಿ ಮನೆ ಬೀಗದ ಕೈ ನಿನಗೇ ಯಾಕೆ ಕೊಟ್ಟರು?" "ನೀನು ಹತ್ತು ವರ್ಷ ಈ ಮನೆಗೆ ಬಂದಿಲ್ಲ. ಯಾರ ಜೊತೆ ಜಗಳ ಆಗಿತ್ತು?"

ಎರಡನೇ ಪ್ರಶ್ನೆ ಬಹಳ ಮುಖ್ಯ. ಬೀಗದ ಕೈ ನಲವತ್ತೈದು ದಿನದಿಂದ ಒಬ್ಬ ಆಟಗಾರನ ಜೇಬಿನಲ್ಲೇ ಇದೆ ಅಂತ ಅವನೇ ಒಪ್ಪಿಕೊಂಡ ಹಾಗೆ ಆಯಿತು. ಮುಂದೆ ಇದು ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಕೆಳಗೆ ನೋಡುತ್ತೀರಿ. ನಾನು ಹೇಳಿದ್ದರೆ ಅದು ನನ್ನ ಕತೆಯ ಒಂದು ನಿಯಮ ಆಗುತ್ತಿತ್ತು. ಅವನು ಹೇಳಿದ್ದರಿಂದ ಅದು ಸತ್ಯ.

## ಟೇಬಲ್‌ನಲ್ಲಿ ಕೂತಾಗ

ಪೂರ್ತಿ ಒಂದು ಶುರು ತೋರಿಸ್ತೀರಾ? ನಿಜವಾಗ್ಲೂ ಏನು ಹೇಳ್ತೀರಿ, ಎಷ್ಟೊತ್ತು ಹೇಳ್ತೀರಿ?

ಒಂದು ಸಲ ನಡೆದ ಹಾಗೇ ಬರೆಯುತ್ತೇನೆ.

ಮೊದಲ ಎರಡು ನಿಮಿಷ ನಾನೇ ಮಾತಾಡುತ್ತೇನೆ. "ಸಾಗರದಿಂದ ಜೀಪಿನಲ್ಲಿ ಬಂದಿದ್ದೀರಿ. ಸಂಜೆ ನಾಲ್ಕೂವರೆ. ಹಿನ್ನೀರು ತುಂಬಾ ಕೆಳಗೆ ಇಳಿದಿದೆ. ದಂಡೆಯ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. ಮುಳುಗಿದ್ದ ಮರಗಳ ಬುಡಗಳು ಕಪ್ಪಗೆ ಎದ್ದು ನಿಂತಿವೆ. ಜೀಪಿನವನು ನಾಳೆ ಬೆಳಿಗ್ಗೆ ಬರುತ್ತೇನೆ ಅಂತ ಹೋದ. ಅಂಗಳದಲ್ಲಿ ತರಗೆಲೆ ಬಿದ್ದಿದೆ. ಬಾವಿಯ ಹಗ್ಗ ರಾಟೆಯ ಮೇಲೆ ಸುತ್ತಿಟ್ಟಿದೆ. ಹಗ್ಗ ಒದ್ದೆಯಾಗಿದೆ. ಬೀಗ ಯಾರು ತೆಗೀತೀರಿ?"

ಮೊದಲ ವಿವರ ಹಗ್ಗ. ಅದನ್ನು ಹೇಳಿದ ತಕ್ಷಣ ಬೀಗದ ಪ್ರಶ್ನೆ ಕೇಳಿದ್ದನ್ನು ಗಮನಿಸಿ. ವಿವರದ ಮೇಲೆ ನಾನು ನಿಲ್ಲಲಿಲ್ಲ. ದನಿ ಇಳಿಸಲಿಲ್ಲ. ತರಗೆಲೆ ಹೇಳಿದ ದನಿಯಲ್ಲೇ ಹಗ್ಗವನ್ನೂ ಹೇಳಿದೆ. ನಾಲ್ವರಲ್ಲಿ ಒಬ್ಬಳು ಮಾತ್ರ ಹುಬ್ಬು ಏರಿಸಿದಳು. "ಪಕ್ಕದ ಮನೆಯವರು ಸೇದಿರ್ತಾರೆ" ಅಂದ ಇನ್ನೊಬ್ಬ. ಸರಿ ಅಂದೆ.

ಒಳಗೆ ಹೋದರು. ಹತ್ತು ನಿಮಿಷ ಅವರವರೇ ಮಾತಾಡಲಿ ಅಂತ ಬಿಟ್ಟೆ. ಯಾವ ಸಾಮಾನು ಯಾರಿಗೆ, ದೇವರ ಪಾತ್ರೆ ಏನು ಮಾಡುವುದು, ಹಳೇ ಜಗಳ. ಈ ಹತ್ತು ನಿಮಿಷ ವ್ಯರ್ಥ ಅಲ್ಲ. ಮನೆ ಅವರದ್ದು ಆಗುವುದು ಇಲ್ಲೇ. ನಡುವೆ ಒಬ್ಬ "ಜಗಲಿ ಗೋಡೆ ಮೇಲೆ ಏನಿದೆ?" ಅಂತ ಕೇಳಿದ. "ಒಂದು ಗುಂಪು ಫೋಟೋ. ಒಂದು ಕೊಡೆ. ದಿನಾ ಒಂದು ಹಾಳೆ ಹರಿಯುವ ಕ್ಯಾಲೆಂಡರ್. ಮೇಲಿನ ಹಾಳೆ ಮೇ 12" ಅಂದೆ.

ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ. ಆಮೇಲೆ ಹುಬ್ಬು ಏರಿಸಿದ್ದ ಹುಡುಗಿ ಕೇಳಿದಳು. "ಇವತ್ತು ಎಷ್ಟನೇ ತಾರೀಕು?" "ಹನ್ನೆರಡು." ಎಲ್ಲರೂ ಬೀಗದ ಕೈ ಇಟ್ಟುಕೊಂಡಿದ್ದವನ ಕಡೆ ತಿರುಗಿದರು. ಅವನು ಜೇಬು ಮುಟ್ಟಿ ನೋಡಿಕೊಂಡ. ಆಟದ ಪಾತ್ರ ಅಲ್ಲ, ಕುರ್ಚಿಯಲ್ಲಿ ಕೂತಿದ್ದ ಅವನೇ.

ಈಗ ಹಗ್ಗದ ಉತ್ತರ ಸಾಕಾಗುವುದಿಲ್ಲ. ಪಕ್ಕದ ಮನೆಯವರು ಬಾವಿಗೆ ಬರಬಹುದು, ಬೀಗ ಹಾಕಿದ ಮನೆಯೊಳಗೆ ಬಂದು ಕ್ಯಾಲೆಂಡರ್ ಹರಿಯುವುದಿಲ್ಲ.

ಇಪ್ಪತ್ತನೇ ನಿಮಿಷಕ್ಕೆ ಒಬ್ಬ ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಹೋಗದಿದ್ದರೆ ನಾನೇ ಕೇಳುತ್ತಿದ್ದೆ, "ಪ್ರಯಾಣದ ಧೂಳು ಇದೆ, ಯಾರು ಮೊದಲು ಮುಖ ತೊಳೀತೀರಿ?" ಅಂತ. "ಹಂಡೆ ಮುಚ್ಚಳ ಮುಚ್ಚಿದೆ. ತೆಗೆದರೆ ಕಂಠದವರೆಗೂ ನೀರಿದೆ. ಚೊಂಬಿನಲ್ಲಿ ತೆಗೆದು ಕಾಲಿಗೆ ಹಾಕಿಕೊಂಡೆ. ನೀರು ಬೆಚ್ಚಗಿದೆ."

ಇಲ್ಲಿ ನಾನು ಮಾತು ನಿಲ್ಲಿಸಿದೆ. ಅವನು ಕೇಳಿದ, "ಒಲೆ ನೋಡ್ತೀನಿ. ಉರಿ ಇದೆಯಾ?" "ಇಲ್ಲ. ಬೂದಿ ಇದೆ." "ಬೂದಿ ಮುಟ್ಟಿ ನೋಡ್ತೀನಿ." "ತಣ್ಣಗಿದೆ."

ಈ ಕೊನೆಯ ಮಾತು ನಾನಾಗಿ ಹೇಳುವುದಿಲ್ಲ. ಬೂದಿ ತಣ್ಣಗಿರುವುದು ಆಟಗಾರ ಕೈ ಹಾಕಿದರೆ ಮಾತ್ರ ಸಿಗುವ ಅರ್ಧ. ಪ್ರತಿ ಸಲವೂ ಯಾರೋ ಒಬ್ಬರು ಕೈ ಹಾಕುತ್ತಾರೆ. ತಾವಾಗಿ ಕೈ ಚಾಚಿ ಮುಟ್ಟಿದ್ದನ್ನು ಅವರು "ಜಿಎಂ ಹೆದರಿಸಲು ಹೇಳಿದ್ದು" ಅಂತ ತಳ್ಳಿಹಾಕಲು ಆಗುವುದಿಲ್ಲ.

ನಾನು ಏನೇ ಹೇಳಿದ್ರೂ ಆಟಗಾರರು ತಕ್ಷಣ ಒಂದು ಕಾರಣ ಕೊಟ್ಟುಬಿಡ್ತಾರೆ. ಅಳುಕು ಅಲ್ಲೇ ಸತ್ತುಹೋಗುತ್ತೆ.

ಸಾಯುವುದಿಲ್ಲ, ಅದು ಅಲ್ಲಿಂದಲೇ ಹುಟ್ಟುತ್ತದೆ. ಮೊದಲನೇ ವಿವರಕ್ಕೆ ಅವರಿಗೆ ಕಾರಣ ಸಿಗಲೇಬೇಕು. ಸಿಗದಿದ್ದರೆ ನೀವು ಜಾಸ್ತಿ ದೊಡ್ಡ ವಿವರ ಕೊಟ್ಟಿದ್ದೀರಿ ಅಂತ ಅರ್ಥ. ಅವರ ಕಾರಣವನ್ನು ಒಪ್ಪಿಕೊಳ್ಳಿ. ಎರಡನೇ ವಿವರ ಆ ಕಾರಣವನ್ನು ತೆಗೆದುಹಾಕಬೇಕು. ಅವರು ಇನ್ನೊಂದು ಕಾರಣ ಹುಡುಕುತ್ತಾರೆ: ಇನ್ನೊಂದು ಬೀಗದ ಕೈ ಇರಬಹುದು, ಯಾರೋ ಬಂದು ಹೋಗುತ್ತಿರಬಹುದು. ಮೂರನೇ ವಿವರ ಅದನ್ನೂ ತೆಗೆಯಬೇಕು. ಯಾರಾದರೂ ಬಂದು ನೀರು ಕಾಯಿಸಿದ್ದರೆ ಬೂದಿ ಬಿಸಿ ಇರಬೇಕಿತ್ತಲ್ಲ.

ವಿವರಗಳ ಕ್ರಮ ಇದರಿಂದಲೇ ತೀರ್ಮಾನ ಆಗುತ್ತದೆ. ಹಗ್ಗ ಅಂಗಳದಲ್ಲಿ, ಕ್ಯಾಲೆಂಡರ್ ಬೀಗದ ಒಳಗೆ, ಹಂಡೆ ಮನೆಯ ಒಳಭಾಗದಲ್ಲಿ. ಕೊನೆಗೆ ಹೊತ್ತೂ ಹತ್ತಿರ ಬರುತ್ತದೆ. ಹಗ್ಗ ಒಂದೆರಡು ಗಂಟೆ ಮುಂಚಿನದು, ಕ್ಯಾಲೆಂಡರ್ ಇವತ್ತಿನದು, ನೀರು ಈಗಷ್ಟೇ. ಮೊದಲ ಸಲ ನಾನು ಹಂಡೆಯಿಂದ ಶುರು ಮಾಡಿದ್ದೆ. ಆಮೇಲೆ ಒದ್ದೆ ಹಗ್ಗ ಬಂದಾಗ ಯಾರಿಗೂ ಏನೂ ಅನಿಸಲಿಲ್ಲ. ನೀರು ಕಾಯಿಸಿದವರು ಸೇದಿರುತ್ತಾರೆ, ಅಷ್ಟೇ ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ವಿವರ ಕಾಣಿಸೋಕೆ ಡೈಸ್ ಹಾಕಿಸಬೇಕಾ?

ಬೇಡ. ಡೈಸ್ ಉರುಳಿದ ತಕ್ಷಣ "ಇಲ್ಲಿ ಏನೋ ಇದೆ" ಅಂತ ನೀವೇ ಘಂಟೆ ಬಾರಿಸಿದ ಹಾಗೆ. ಅಂಕ ಕಡಿಮೆ ಬಿದ್ದರೆ ಇನ್ನೂ ಕಷ್ಟ, ವಿವರವೇ ಹೋಯಿತು. ಕಣ್ಣಿಗೆ ಬೀಳುವುದು, ಕೈಗೆ ತಾಗುವುದು ಎಲ್ಲರಿಗೂ ಸಿಗಲಿ. ಡೈಸ್ ಅನ್ನು ಶುರು ಮುಗಿದ ಮೇಲೆ ಹೊರಗೆ ತೆಗೆಯಿರಿ.

ಹೇಳೋ ರೀತಿಯಲ್ಲಿ ಏನು ತಪ್ಪು ಮಾಡ್ತೀವಿ?

ಒಂದೇ ತಪ್ಪು ಎಲ್ಲರೂ ಮಾಡುತ್ತೇವೆ. ವಿವರ ಹೇಳಿದ ಮೇಲೆ ಅದರ ಅರ್ಥವನ್ನೂ ಹೇಳಿಬಿಡುತ್ತೇವೆ. "ನೀರು ಬೆಚ್ಚಗಿದೆ, ಯಾಕೋ ವಿಚಿತ್ರ ಅನಿಸುತ್ತದೆ." "ನೀರು ಬೆಚ್ಚಗಿದೆ, ನಿಮ್ಮ ಮೈ ಜುಂ ಅನ್ನುತ್ತದೆ." ಎರಡನೇ ಅರ್ಧ ಆಟಗಾರರದ್ದು. ಅದನ್ನು ನೀವು ಹೇಳಿದರೆ ಅವರಿಗೆ ಮಾಡಲು ಏನೂ ಉಳಿಯುವುದಿಲ್ಲ. ನಾನು ಬರೆದಿಟ್ಟುಕೊಂಡ ಸಾಲುಗಳಲ್ಲಿ "ವಿಚಿತ್ರ", "ಭಯಾನಕ", "ನಿಗೂಢ", "ಯಾಕೋ", "ಹಾಗೆ ಅನಿಸಿತು" ಇವೆಲ್ಲವನ್ನೂ ಆಟಕ್ಕೆ ಮುಂಚೆ ಹೊಡೆದುಹಾಕುತ್ತೇನೆ. ಹೊಡೆದುಹಾಕಿದ ಮೇಲೆ ಸಾಲಿನಲ್ಲಿ ಏನೂ ಉಳಿಯದಿದ್ದರೆ ಅಲ್ಲಿ ವಿವರವೇ ಇರಲಿಲ್ಲ.

ಇನ್ನೊಂದು, ಪ್ರಶ್ನೆ ಕೇಳಿದರೆ ನೇರವಾಗಿ ಉತ್ತರ ಕೊಡಿ. ನಿಗೂಢವಾಗಿ ನಗಬೇಡಿ. "ಬೂದಿ ಬಿಸಿ ಇದೆಯಾ?" ಅಂದರೆ "ತಣ್ಣಗಿದೆ" ಅಂತ ಹೇಳಿ ಸುಮ್ಮನಿರಿ. ನಿಮ್ಮ ಉತ್ತರಗಳು ಎಷ್ಟು ಪ್ರಾಮಾಣಿಕವಾಗಿದ್ದರೆ ಮನೆ ಅಷ್ಟು ಗಟ್ಟಿಯಾಗುತ್ತದೆ.

ಯಾರಾದ್ರೂ ಜೋಕ್ ಮಾಡಿದ್ರೆ?

ಮಾಡಲಿ, ನೀವೂ ನಗಿ. ಅಳುಕು ಬಂದಾಗ ಜನ ನಗಿಸಲು ನೋಡುತ್ತಾರೆ. ನಗು ಮುಗಿಯುವವರೆಗೆ ಕಾಯಿರಿ, ಆಮೇಲೆ ಸಾಮಾನ್ಯ ದನಿಯಲ್ಲಿ "ಸರಿ, ನೀನು ಇನ್ನೂ ಬಚ್ಚಲಲ್ಲೇ ಇದ್ದೀಯ" ಅಂತ ಹೇಳಿ. ಬೈದರೆ, ಮುಖ ಗಂಟು ಹಾಕಿದರೆ ಎಲ್ಲರಿಗೂ ಇದು ಆಟ ಅಂತ ನೆನಪಾಗುತ್ತದೆ.

## ಇನ್ನೂ ಸ್ವಲ್ಪ ಮುಂದೆ

ನಮ್ಮ ಟೇಬಲ್‌ನಲ್ಲಿ ಎಲ್ಲರೂ ಫ್ಲಾಟ್‌ನಲ್ಲಿ ಬೆಳೆದವರು. ಹಂಡೆ, ರಾಟೆ ಅಂದ್ರೆ ಅವರಿಗೆ ಏನೂ ಆಗಲ್ಲ.

ಹಾಗಾದರೆ ಈ ಮನೆ ಬಿಡಿ. ವಿವರ ಕೆಲಸ ಮಾಡುವುದು ಕೇಳುವವರ ಕೈಗೆ ಅದರ ಅಭ್ಯಾಸ ಇದ್ದರೆ ಮಾತ್ರ. ಹಂಡೆ ಅಂದರೆ ಏನು ಅಂತ ನೀವು ಅರ್ಧ ನಿಮಿಷ ವಿವರಿಸಬೇಕಾಯಿತು ಅಂದರೆ ಅಷ್ಟರಲ್ಲಿ ನೀರು ಆರಿಹೋಯಿತು.

ಅದೇ ಕ್ರಿಯಾಪದವನ್ನು ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟ್‌ಗೆ ತಂದು ನೋಡಿ. ಒಂಟಿಯಾಗಿದ್ದ ಚಿಕ್ಕಮ್ಮ ತೀರಿಕೊಂಡು ತಿಂಗಳಾಗಿದೆ. ಮಕ್ಕಳು ಸಾಮಾನು ತೆಗೆಯಲು ಬರುತ್ತಾರೆ. ಬಾಗಿಲಿನ ಹಿಡಿಗೆ ನೇತುಹಾಕಿದ ಚೀಲದಲ್ಲಿ ಒಂದು ಹಾಲಿನ ಪ್ಯಾಕೆಟ್, ಮುಟ್ಟಿದರೆ ಇನ್ನೂ ತಂಪು. ಹಾಲಿನವನಿಗೆ ಯಾರೂ ಹೇಳಿರಲಿಕ್ಕಿಲ್ಲ, ಕಾರಣ ಸಿಕ್ಕಿತು. ಒಳಗೆ ಸಿಂಕ್‌ನಲ್ಲಿ ಕತ್ತರಿಸಿದ ಪ್ಯಾಕೆಟ್ ಮೂಲೆಗಳು, ತಿಂಗಳಿಗಾಗುವಷ್ಟು. ಸ್ನಾನದ ಮನೆಯ ಗೀಸರ್‌ನ ಕೆಂಪು ದೀಪ ಉರಿಯುತ್ತಿದೆ. ಕರೆಂಟ್ ಬಿಲ್ ಕಟ್ಟದೆ ಫ್ಯೂಸ್ ತೆಗೆದುಕೊಂಡು ಹೋಗಿದ್ದಾರೆ ಅಂತ ಆಟದ ಮೊದಲೇ ಒಬ್ಬ ಆಟಗಾರನಿಂದ ಹೇಳಿಸಿರುತ್ತೀರಿ. ಹೊರಗೆ, ಒಳಗೆ, ಮೈಗೆ. ಅದೇ ಮೂರು ಮೆಟ್ಟಿಲು.

ವಿವರ ಕೊಟ್ಟೆ, ಕೆಲಸ ಮಾಡ್ತಾ ಇದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?

ಮುಖ ನೋಡಬೇಡಿ, ಮುಖ ಮೋಸ ಮಾಡುತ್ತದೆ. ಅವರು ಕೇಳುವ ಪ್ರಶ್ನೆಯ ಅಳತೆ ನೋಡಿ. "ಮನೆ ಹೇಗಿದೆ?" ಅನ್ನುವುದು ದೊಡ್ಡ ಪ್ರಶ್ನೆ, ಇನ್ನೂ ಹತ್ತಿಲ್ಲ. "ಬೆಚ್ಚಗೆ ಅಂದ್ರೆ ಎಷ್ಟು ಬೆಚ್ಚಗೆ?" ಅನ್ನುವುದು ಸಣ್ಣ ಪ್ರಶ್ನೆ, ಹತ್ತಿದೆ. ಇನ್ನೊಂದು ಗುರುತು, ಅಲ್ಲಿವರೆಗೆ ಬೇರೆ ಬೇರೆ ಕೋಣೆಗೆ ಹೋಗುತ್ತಿದ್ದವರು "ನಾನೂ ಬರ್ತೀನಿ ತಡಿ" ಅಂತ ಒಟ್ಟಿಗೆ ಹೋಗಲು ಶುರು ಮಾಡುತ್ತಾರೆ.

ಯಾರೂ ಗಮನಿಸದಿದ್ದರೆ ಅದನ್ನೇ ಗಟ್ಟಿಯಾಗಿ ಮತ್ತೊಮ್ಮೆ ಹೇಳಬೇಡಿ. ಬೇರೆ ಕೆಲಸದ ನಡುವೆ ತನ್ನಿ. ಹಗ್ಗ ತಪ್ಪಿಹೋಗಿದ್ದರೆ, ಕುಡಿಯಲು ನೀರು ಬೇಕಾದಾಗ ಸೇದಲು ಹೋದವರಿಗೆ "ಹಗ್ಗ ಹಿಡಿದೆ, ಕೈ ಒದ್ದೆ ಆಯಿತು" ಅಂತ ಹೇಳಿ. ಆಗ ಅದು ಅವರ ಕೈಯಲ್ಲೇ ಇರುತ್ತದೆ.

ಒಂದೇ ವಿವರವನ್ನು ಮತ್ತೆ ತರಬಹುದಾ?

ತರಲೇಬೇಕು, ಆದರೆ ಒಂದೇ ಸಲ, ಮತ್ತು ಒಂದೇ ಬದಲಾವಣೆಯೊಂದಿಗೆ. ಆಟದ ಎರಡನೇ ಗಂಟೆಯಲ್ಲಿ ಯಾರಾದರೂ ಮತ್ತೆ ಬಚ್ಚಲಿಗೆ ಹೋಗುತ್ತಾರೆ. ಹಂಡೆ ಅರ್ಧ ಆಗಿದೆ. ನೆಲ ಒದ್ದೆಯಾಗಿದೆ. ನೆಲದ ಮೇಲೆ ಸ್ವಲ್ಪ ಕೆಂಪು ಕೆಸರು, ದಂಡೆಯ ಮಣ್ಣಿನ ಬಣ್ಣ. ಯಾರೋ ಸ್ನಾನ ಮಾಡಿದ್ದಾರೆ.

ಅಲ್ಲಿಯವರೆಗೆ ಆಟಗಾರರು "ನೀರು ಕಾಯಿಸಿದ್ದು ಯಾರು?" ಅಂತ ತಲೆ ಕೆಡಿಸಿಕೊಂಡಿರುತ್ತಾರೆ. ಈಗ ಪ್ರಶ್ನೆ ಬದಲಾಯಿತು: ಯಾರಿಗಾಗಿ? ಹಳೇ ವಿವರ ವಾಪಸ್ ಬಂದಾಗ ಹೀಗೆ ಪ್ರಶ್ನೆಯನ್ನೇ ತಿರುಗಿಸಬೇಕು. ನೀರು ಇನ್ನೂ ಬೆಚ್ಚಗಿದೆ, ಈಗ ಇನ್ನೂ ಬಿಸಿ ಇದೆ ಅಂತ ಬರೀ ಅಳತೆ ಹೆಚ್ಚಿಸಿದರೆ ಏನೂ ಆಗುವುದಿಲ್ಲ. ನಾನು ಹಾಗೆ ಮಾಡಿ ನೋಡಿದ್ದೇನೆ. ಆಟಗಾರರು ಉಷ್ಣಾಂಶದ ಬಗ್ಗೆ ಚರ್ಚೆ ಮಾಡಿದರು.

ಸುಳ್ಳು ಸುಳಿವು ಹಾಕಬಹುದಾ? ಸುಮ್ನೆ ಹೆದರಿಸೋಕೆ ಏನಾದ್ರೂ?

ನಾನು ಹಾಕುವುದಿಲ್ಲ. ಒನ್-ಶಾಟ್ ಮುಗಿದ ಮೇಲೆ ಆಟಗಾರರು ಮನೆಗೆ ಹೋಗುತ್ತಾ ಶುರುವನ್ನು ನೆನಪು ಮಾಡಿಕೊಳ್ಳುತ್ತಾರೆ. ಹಗ್ಗ, ಕ್ಯಾಲೆಂಡರ್, ಹಂಡೆ ಮೂರೂ ಒಬ್ಬ ಹೆಂಗಸು ಮೂವತ್ತೊಂದು ವರ್ಷ ಮಾಡಿದ ಕೆಲಸ ಅಂತ ಆಗ ಕಾಣುತ್ತದೆ. ಅದರ ನಡುವೆ ಸಂಬಂಧ ಇಲ್ಲದ ಒಂದು ಕಪ್ಪು ಬೆಕ್ಕು ಇದ್ದರೆ ಉಳಿದ ಮೂರೂ ಸುಳ್ಳು ಆಗುತ್ತವೆ.

ನಮ್ಮಲ್ಲಿ ಒಬ್ಬರ ಅಜ್ಜಿ ಈಚೆಗೆ ತೀರಿಕೊಂಡಿದ್ದಾರೆ. ಈ ಆಟ ಆಡಿಸಬಹುದಾ?

ಅವರನ್ನೇ ಮುಂಚೆ ಕೇಳಿ, ಒಬ್ಬರೇ ಇರುವಾಗ. ಗುಂಪಿನ ಮುಂದೆ ಕೇಳಿದರೆ "ಪರವಾಗಿಲ್ಲ" ಅಂದುಬಿಡುತ್ತಾರೆ. ಸಣ್ಣ ವಿವರದ ಹಾರರ್‌ಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ದೆವ್ವದ ಮುಖ ಯಾರ ಮನೆಯದೂ ಅಲ್ಲ. ಎಣ್ಣೆ ಹಚ್ಚಿ ನೀರು ಹಾಕಿದ ಕೈ ಯಾರದೋ ಮನೆಯದು ಆಗಿರುತ್ತದೆ.

ಆಟ ಶುರು ಮಾಡುವಾಗ ಎರಡು ವಾಕ್ಯ ಹೇಳುತ್ತೇನೆ: "ಇದರಲ್ಲಿ ಮನೆಯ ಹಿರಿಯರ ಸಾವು ಇದೆ, ಮುಳುಗಡೆ ಇದೆ. ಯಾರಿಗಾದರೂ ಬೇಡ ಅನಿಸಿದರೆ ಟೇಬಲ್ ಮೇಲಿನ ಎಕ್ಸ್ ಕಾರ್ಡ್ ಮುಟ್ಟಿ, ಕಾರಣ ಕೇಳದೆ ಆ ಸಂಗತಿ ಬಿಟ್ಟು ಮುಂದೆ ಹೋಗುತ್ತೇನೆ." ಇದನ್ನು ಹೇಳಿದರೆ ಅಳುಕು ಕಡಿಮೆಯಾಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ಗೊತ್ತಿದ್ದವರು ಇನ್ನೂ ಒಳಗೆ ಬರುತ್ತಾರೆ.

ಮುಳುಗಡೆಯ ವಿಷಯ ಬೇರೆಯಾಗಿ ಹೇಳಬೇಕು. ಶರಾವತಿ ಕಣಿವೆಯಲ್ಲಿ ಮನೆ, ತೋಟ ಕಳೆದುಕೊಂಡವರು, ಅವರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಯಾರಾದರೂ ನಿಮ್ಮ ಟೇಬಲ್‌ಗೆ ಬರಬಹುದು. ಹಾಗಾಗಿ ನನ್ನ ಆಟದಲ್ಲಿ ನಿಜವಾದ ಊರಿನ ಹೆಸರು ಇಲ್ಲ, ಮತ್ತು ಮುಳುಗಿದವರು ಯಾರೂ ಕೆಟ್ಟವರಲ್ಲ. ಅಪ್ಪ ವಾಪಸ್ ಬರುವುದು ಮನೆಗೆ, ಸೇಡಿಗೆ ಅಲ್ಲ.

ಶುರು ಎಲ್ಲಿ ಮುಗಿಸಬೇಕು? ನಂಗೆ ಅದೇ ಗೊತ್ತಾಗಲ್ಲ.

ಆಟಗಾರರು ತಾವಾಗಿ ಒಂದು ತೀರ್ಮಾನ ಮಾಡುವಲ್ಲಿ. ಮೂರನೇ ವಿವರ ಆದ ಮೇಲೆ ನಾನು ಹೊಸದೇನನ್ನೂ ಕೊಡುವುದಿಲ್ಲ. "ಐದೂಮುಕ್ಕಾಲು ಆಗಿದೆ. ಕರೆಂಟ್ ಹೋಯಿತು, ಲೋಡ್‌ಶೆಡ್ಡಿಂಗ್ ಇರಬೇಕು. ಏನು ಮಾಡ್ತೀರಿ?" ಅಂತ ಕೇಳಿ ಬಿಡುತ್ತೇನೆ.

ಕೆಲವು ಟೇಬಲ್‌ಗಳು ಮನೆ ಬಿಟ್ಟು ರಸ್ತೆಗೆ ನಡೆಯುತ್ತವೆ. ಕೆಲವು ಎಲ್ಲ ಬಾಗಿಲಿಗೂ ಚಿಲಕ ಹಾಕುತ್ತವೆ. ಈಚೆಗೆ ಒಂದು ಸಲ, ಗೌರತ್ತೆಯ ಹಾಡು ಯಾವುದು ಅಂತ ಹೇಳಿದ್ದ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು, "ಹಂಡೆ ಮುಚ್ಚಳ ಮುಚ್ಚಿಬಿಡ್ತೀನಿ. ನೀರು ಆರಿಹೋಗುತ್ತೆ." ಉಳಿದ ಮೂವರು ಅವಳನ್ನೇ ನೋಡುತ್ತಿದ್ದರು. ನಾನು ಡೈಸ್ ಚೀಲ ತೆಗೆದು ಟೇಬಲ್ ಮೇಲೆ ಇಟ್ಟೆ.